ನೂರರಲ್ಲಿ 82 ಗೆದ್ದರೂ ಬಂಡವಾಳ ಕರಗುವ ಲೆಕ್ಕ

ನಿಫ್ಟಿಯಲ್ಲಿ ವಾರವಾರವೂ ಪುಟ್ ಸ್ಪ್ರೆಡ್ ಮಾರುವವರ ಲೆಕ್ಕ ನೋಡೋಣ. ಒಂದು ಪುಟ್ ಮಾರಿ, ಅದಕ್ಕಿಂತ 100 ಪಾಯಿಂಟ್ ಕೆಳಗಿನ ಸ್ಟ್ರೈಕಿನ ಪುಟ್ ಕೊಂಡಾಗ ಕೈಯಲ್ಲಿ 20 ಪಾಯಿಂಟ್ ಪ್ರೀಮಿಯಂ ಉಳಿಯಿತು ಎನ್ನಿ. ಎಕ್ಸ್‌ಪೈರಿಯಲ್ಲಿ ನಿಫ್ಟಿ ಮೇಲಿನ ಸ್ಟ್ರೈಕಿಗಿಂತ ಮೇಲೆ ನಿಂತರೆ ಆ 20 ನಮ್ಮದು. ಕೆಳಗಿನ ಸ್ಟ್ರೈಕನ್ನೂ ದಾಟಿ ಬಿದ್ದರೆ 80 ನಷ್ಟ. ನಡುವೆ ನಿಲ್ಲುವ ಸಾಧ್ಯತೆಯನ್ನು ಲೆಕ್ಕ ಸುಲಭವಾಗಲೆಂದು ಬಿಡೋಣ.

ಪ್ರತಿ ಸಲ ಬಂಡವಾಳದ ಎಷ್ಟು ಪಾಲನ್ನು ಪಣಕ್ಕಿಟ್ಟರೆ ಹಣ ದೀರ್ಘಕಾಲದಲ್ಲಿ ಅತಿ ವೇಗವಾಗಿ ಬೆಳೆಯುತ್ತದೆ? ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಉತ್ತರವನ್ನು ಇಂಥ ಪಣಕ್ಕೆ ಹೀಗೆ ಬರೆಯಬಹುದು:

f = p − q/b

f ಪಣಕ್ಕಿಡಬೇಕಾದ ಪಾಲು, p ಗೆಲ್ಲುವ ಸಾಧ್ಯತೆ, q ಸೋಲುವ ಸಾಧ್ಯತೆ. b ಎಂದರೆ ಗೆದ್ದಾಗ ಬರುವುದಕ್ಕೂ ಸೋತಾಗ ಹೋಗುವುದಕ್ಕೂ ಇರುವ ಅನುಪಾತ. ಇಲ್ಲಿ 20/80, ಅಂದರೆ 0.25. ಹಿಂದಿನ 100 ವಹಿವಾಟುಗಳಲ್ಲಿ 85 ಗೆದ್ದಿದ್ದರೆ f = 0.85 − 0.15/0.25 = 0.25. ಬಂಡವಾಳದ ಕಾಲು ಭಾಗ!

ಆದರೆ ನಿಜವಾದ ಸಾಧ್ಯತೆ 82% ಆಗಿದ್ದರೆ ಇದೇ ಸೂತ್ರ ಹೇಳುವುದು ಬರೀ 10%. ಅದು ಗೊತ್ತಿಲ್ಲದೆ ಕಾಲು ಭಾಗವನ್ನೇ ಇಡುತ್ತ ಹೋದರೆ ಪ್ರತಿ ಗೆಲುವಿಗೆ ಹಣ 1.0625 ಪಟ್ಟಾಗುತ್ತದೆ, ಪ್ರತಿ ಸೋಲಿಗೆ 0.75 ಪಟ್ಟು. 82 ಗೆಲುವು, 18 ಸೋಲು ಮುಗಿದಾಗ 5 ಲಕ್ಷ ಸುಮಾರು 4.06 ಲಕ್ಷಕ್ಕೆ ಇಳಿದಿರುತ್ತದೆ. ಸರಾಸರಿಯಲ್ಲಿ ಲಾಭವಿರುವ ವಹಿವಾಟೇ ಇದು. ಪಣದ ಗಾತ್ರವೇ ಅದನ್ನು ಕೆಡಿಸಿತು. 10% ಇಟ್ಟಿದ್ದರೆ ಅದೇ ಫಲಿತಾಂಶಗಳಲ್ಲಿ ಸುಮಾರು 5.68 ಲಕ್ಷ ಇರುತ್ತಿತ್ತು.

85ಕ್ಕೂ 82ಕ್ಕೂ ಇರುವ ವ್ಯತ್ಯಾಸವನ್ನು ನೂರು ವಹಿವಾಟುಗಳ ದಾಖಲೆಯಿಂದ ಗುರುತಿಸಲು ಸಾಧ್ಯವೇ ಇಲ್ಲ. ಅಷ್ಟು ಸಣ್ಣ ಮಾದರಿಯಲ್ಲಿ ಏಳು ಅಂಕ ಆಚೀಚೆಯಾಗುವುದು ಸಹಜ. 85 ಗೆದ್ದವರ ನಿಜವಾದ ಸಾಧ್ಯತೆ 78 ಇದ್ದರೂ ಇರಬಹುದು. ಹಾಗಾಗಿ ಅನುಭವಿಗಳು p ಯನ್ನು ಕೆಳಗಿಳಿಸಿ ಲೆಕ್ಕ ಹಾಕಿ, ಬಂದದ್ದರಲ್ಲಿ ಅರ್ಧವನ್ನಷ್ಟೇ ಇಡುತ್ತಾರೆ. p 82% ಎಂದಿಟ್ಟುಕೊಂಡು 5% ಇಟ್ಟರೆ ಬೆಳವಣಿಗೆಯ ಮುಕ್ಕಾಲು ಭಾಗ ಉಳಿಯುತ್ತದೆ. ಅಪಾಯ ಮಾತ್ರ ತೀರಾ ಕಡಿಮೆಯಾಗುತ್ತದೆ: p ಸರಿಯಾಗಿದ್ದರೂ ಪೂರ್ತಿ ಕೆಲ್ಲಿಯಲ್ಲಿ, ಅಂದರೆ ಸೂತ್ರ ಹೇಳಿದಷ್ಟನ್ನೂ ಇಟ್ಟರೆ, ಬಂಡವಾಳ ಎಂದಾದರೊಮ್ಮೆ ಅರ್ಧಕ್ಕೆ ಕುಸಿಯುವ ಸಾಧ್ಯತೆ ಹೆಚ್ಚುಕಡಿಮೆ 1/2, ಅರ್ಧ ಕೆಲ್ಲಿಯಲ್ಲಿ 1/8.

ಕಾಗದದ ಮೇಲೆ, ಪಾಲು ಲೆಕ್ಕದಲ್ಲಿ ಪಣ ಇಡುವವನ ಹಣ ಸೊನ್ನೆಯಾಗುವುದೇ ಇಲ್ಲ. ಮಾರುಕಟ್ಟೆಯಲ್ಲಿ ಲಾಟ್ ಒಡೆಯಲು ಬರುವುದಿಲ್ಲ. ಲಾಟಿಗೆ 75 ಯೂನಿಟ್ ಇದ್ದರೆ ಒಂದು ಲಾಟಿನ ಗರಿಷ್ಠ ನಷ್ಟ 6,000 ರೂಪಾಯಿ. 5 ಲಕ್ಷದ 5% ಎಂದರೆ 25,000, ಅಂದರೆ ನಾಲ್ಕು ಲಾಟ್; ಐದಕ್ಕೆ ಏರಿಸಬಾರದು. 50,000 ಇರುವವರಿಗೆ ಒಂದೇ ಲಾಟ್ 12% ಆಗುತ್ತದೆ, ಪೂರ್ತಿ ಕೆಲ್ಲಿಗಿಂತಲೂ ಹೆಚ್ಚು. ಅವರಿಗೆ ಈ ಸ್ಪ್ರೆಡ್ ತಕ್ಕದ್ದಲ್ಲ. ಅದೇ ವಾರ ಬೇರೆ ಸ್ಟ್ರೈಕುಗಳಲ್ಲಿ ಮಾರಿದ ಸ್ಪ್ರೆಡ್‌ಗಳೂ ನಿಫ್ಟಿ ಬಿದ್ದಾಗ ಒಟ್ಟಿಗೇ ಸೋಲುತ್ತವೆ, ಆದ್ದರಿಂದ ಎಲ್ಲವೂ ಸೇರಿ ಆ 5% ಒಳಗೇ ಇರಬೇಕು.

ದಲ್ಲಾಳಿ ಶುಲ್ಕ, ತೆರಿಗೆ, ಬೆಲೆ ಜಾರುವಿಕೆ ಸೇರಿ 2 ಪಾಯಿಂಟ್ ಹೋದರೆ ಗೆಲುವು 18, ಸೋಲು 82. ಆಗ 82% ಗೆದ್ದರೂ ಲಾಭ ನಷ್ಟ ಸರಿಸಮ, f ಸೊನ್ನೆ.