ಪುಟದ ಫೋಟೊ, ಒಂದೇ ಸಾಲಿನ ಕೋರಿಕೆ

ಪಠ್ಯಪುಸ್ತಕದ ಪುಟವೊಂದರ ಫೋಟೊ ಕಳುಹಿಸಿ, "ಇದು ನೆನಪಿನಲ್ಲಿ ಉಳಿಯುವಂತೆ ಮಾಡಿಕೊಡಿ" ಎಂದಷ್ಟೇ ವಿದ್ಯಾರ್ಥಿ ಬರೆದಾಗ, ಯಾವುದು ನೆನಪಿರಬೇಕು ಎಂಬುದನ್ನು ನಾನು ಮೊದಲು ಆ ಫೋಟೊದಲ್ಲೇ ಹುಡುಕುತ್ತೇನೆ. ಪೆನ್ಸಿಲಿನ ಗೆರೆ, ಅಂಚಿನ ಗುರುತು, ಪುಟದ ಕೊನೆಯ ಅಭ್ಯಾಸ ಪ್ರಶ್ನೆ, ಇವೆಲ್ಲ ಆ ಒಂದು ಸಾಲಿನ ಕೋರಿಕೆಗಿಂತ ಹೆಚ್ಚು ತಿಳಿಸುತ್ತವೆ.

ಇತ್ತೀಚೆಗೆ ಬಂದದ್ದು ಹೃದಯದೊಳಗಿನ ರಕ್ತಸಂಚಾರದ ಪುಟ. ಚಿತ್ರದ ಒಂದು ಅಂಚು ಫೋಟೊದಲ್ಲಿ ತುಂಡಾಗಿ, ಎರಡು ಭಾಗಗಳ ಹೆಸರು ಅರ್ಧವಷ್ಟೇ ಕಾಣುತ್ತಿತ್ತು. ಆ ಹೆಸರುಗಳು ನನಗೆ ಗೊತ್ತಿದ್ದರೂ ತುಂಬಲಿಲ್ಲ. ಹೃದಯದ ಕೆಳಗಿನ ಕೋಣೆಯನ್ನು ಒಂದು ಪುಸ್ತಕ ಹೃತ್ಕುಕ್ಷಿ ಎಂದರೆ ಇನ್ನೊಂದು ವೆಂಟ್ರಿಕಲ್ ಎನ್ನಬಹುದು. ನೆನಪಿಗಾಗಿ ನಾನು ಮಾಡಿಕೊಡುವ ಪ್ರಶ್ನೋತ್ತರ ಕಾರ್ಡಿನಲ್ಲಿ ಒಂದು ಪದ, ಪಾಠದಲ್ಲಿ ಮತ್ತೊಂದು ಪದವಿದ್ದರೆ ವಿದ್ಯಾರ್ಥಿಗೆ ಹೊರೆ ಇಮ್ಮಡಿಯಾಗುತ್ತದೆ. ಆದ್ದರಿಂದ ಇನ್ನೊಂದು ಫೋಟೊ ಕೇಳಿದೆ, ಜೊತೆಗೆ ಒಂದೇ ಪ್ರಶ್ನೆ: ಪರೀಕ್ಷೆಯಲ್ಲಿ ಭಾಗಗಳನ್ನು ಗುರುತಿಸಬೇಕೇ, ವಿವರಿಸಬೇಕೇ? ಎರಡೂ ಎಂಬ ಉತ್ತರ ಬಂತು.

ಆ ಪುಟದ ಒಂದು ವಾಕ್ಯ ಹೀಗಿತ್ತು: ಶ್ವಾಸಕೋಶದ ಅಪಧಮನಿಯು ಆಕ್ಸಿಜನ್ ಕಡಿಮೆಯಿರುವ ರಕ್ತವನ್ನು ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಗಳಿಗೆ ಒಯ್ಯುತ್ತದೆ. "ಶ್ವಾಸಕೋಶದ ಅಪಧಮನಿಯ ಬಗ್ಗೆ ತಿಳಿಸಿ" ಎಂದು ಕಾರ್ಡ್ ಮಾಡಿದರೆ, ಮೂರು ಸಂಗತಿಗಳಲ್ಲಿ ಎರಡನ್ನು ಹೇಳಿದವರು ಅದನ್ನು ಸರಿಯೆಂದು ಎಣಿಸಬೇಕೋ ತಪ್ಪೆಂದು ಎಣಿಸಬೇಕೋ ತಿಳಿಯದೆ, ಬಹುಪಾಲು ಸರಿಯೆಂದೇ ಬದಿಗಿಡುತ್ತಾರೆ. ಹಾಗಾಗಿ ಒಡೆದು ಬರೆದೆ. "ಶ್ವಾಸಕೋಶದ ಅಪಧಮನಿ ಹೃದಯದ ಯಾವ ಕೋಣೆಯಿಂದ ಹೊರಡುತ್ತದೆ?" ಎಂಬುದು ಒಂದು ಕಾರ್ಡ್. "ಆಕ್ಸಿಜನ್ ಕಡಿಮೆಯೋ ಹೆಚ್ಚೋ?" ಎಂದು ಕೇಳಿದರೆ ಊಹೆಯೂ ಅರ್ಧ ಪಾಲು ಸರಿಹೋಗುತ್ತದೆ, ಅದರ ಬದಲು "ಆಕ್ಸಿಜನ್ ಕಡಿಮೆಯಿರುವ ರಕ್ತವನ್ನು ಒಯ್ದರೂ ಇದನ್ನು ಅಪಧಮನಿ ಎನ್ನುವುದೇಕೆ?" ಎಂದು ಕೇಳಿದೆ. ರಕ್ತವನ್ನು ಹೃದಯದಿಂದ ಹೊರಕ್ಕೆ ಒಯ್ಯುವುದರಿಂದ ಎಂಬ ಉತ್ತರ ತಿಳಿದವರು, ರಕ್ತವನ್ನು ಹೃದಯಕ್ಕೆ ತರುವ ಶ್ವಾಸಕೋಶದ ಅಭಿಧಮನಿಯ ವಿಷಯದಲ್ಲೂ ಎಡವುವುದಿಲ್ಲ. ನನ್ನ ದೃಷ್ಟಿಯಲ್ಲಿ ಆ ಪುಟದ ಅತ್ಯಂತ ಬೆಲೆಯುಳ್ಳ ಕಾರ್ಡ್ ಅದೇ.

ಚಿತ್ರದ ಕಾರ್ಡುಗಳಲ್ಲಿ ಒಮ್ಮೆಗೆ ಒಂದೇ ಹೆಸರನ್ನು ಮುಚ್ಚಬೇಕು. ಹೃದಯದ ಎಡಭಾಗ ಚಿತ್ರದಲ್ಲಿ ನೋಡುವವರ ಬಲಕ್ಕೆ ಬರುವುದರಿಂದ, ಅದಕ್ಕೆಂದೇ ಒಂದು ಕಾರ್ಡ್ ಬೇಕಾಯಿತು. ರಕ್ತ ಸಾಗುವ ಪೂರ್ಣ ದಾರಿಗೆ ಮಾತ್ರ ಕಾರ್ಡ್ ಸಾಲದು, ಏಕೆಂದರೆ ಒಂದೊಂದು ಹೆಜ್ಜೆಯನ್ನು ಬಿಡಿಯಾಗಿ ಬಲ್ಲವರೂ ಇಡೀ ದಾರಿಯನ್ನು ಹೇಳುವಾಗ ತಡವರಿಸುತ್ತಾರೆ. ಅದನ್ನು ಖಾಲಿ ಹಾಳೆಯ ಮೇಲೆ ಬಾಣಗಳಿಂದ ಬರೆಯುವಂತೆ ಹೇಳಿದೆ.

ಒಟ್ಟು 9 ಕಾರ್ಡುಗಳಾದವು. ಎರಡು ದಿನ ಕಳೆದು ಕೇಳಿದಾಗ, ಮೊದಲ ಕಾರ್ಡಿನ ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ "ಬಲ ಹೃತ್ಕುಕ್ಷಿ" ಎಂಬ ಉತ್ತರ ಬಂತು. ನೆನಪಾದದ್ದು ಕಾರ್ಡಿನ ರೂಪವೇ ಇರಬಹುದೆಂದು, "ಬಲ ಹೃತ್ಕುಕ್ಷಿ ಸಂಕುಚಿಸಿದಾಗ ರಕ್ತ ಯಾವ ನಾಳಕ್ಕೆ ಹೋಗುತ್ತದೆ?" ಎಂದು ತಿರುಗಿಸಿ ಕೇಳಿದೆ. ಉತ್ತರ ಬರಲಿಲ್ಲ. ಆ ಪ್ರಶ್ನೆಯೇ ಹತ್ತನೆಯ ಕಾರ್ಡ್ ಆಯಿತು.