ಟ್ರಿಪ್ ದುಡ್ಡು ಕಡಿಮೆ ಬಿದ್ದಾಗ ಗ್ರೂಪಿಗೆ ಏನಂತ ಬರೆಯಬೇಕು?

"ಫ್ರೆಂಡ್ಸ್, ಒಟ್ಟು 13,310 ರೂಪಾಯಿ ಕಡಿಮೆ ಬಿದ್ದಿದೆ. ನಾವು 11 ಜನ. ತಲೆಗೆ 1,210. ಬೇಗ ಹಾಕಿ."

ಈ ಮೆಸೇಜಿನಲ್ಲಿ ಭಾಗಾಕಾರ ಸರಿಯಿದೆ. ಆದರೂ ಕಳಿಸಿದ ಹತ್ತು ನಿಮಿಷಕ್ಕೆ ಗ್ರೂಪಿನಲ್ಲಿ ಜಗಳ ಶುರುವಾಯಿತು. ಒಬ್ಬರು "ನಾನು ಕುಡಿಯಲೇ ಇಲ್ಲ, ನಾನ್ಯಾಕೆ ಕೊಡಲಿ" ಅಂದರು. ಇನ್ನೊಬ್ಬರು "ಬರದೇ ಇದ್ದವನದ್ದು ಎಲ್ಲಿ ಹೋಯಿತು" ಅಂದರು. ಎಲ್ಲರೂ ಸುಮ್ಮನಾದ ಮೇಲೆ ದುಡ್ಡು ಹಾಕಿದವರು ಮೂರೇ ಜನ. ಆಮೇಲೆ ಖಜಾಂಚಿ ಗೆಳೆಯರು ಲೆಕ್ಕವನ್ನು ನನ್ನ ಹತ್ತಿರ ತಂದರು. ಅಂಗಡಿ, ಅಪಾರ್ಟ್‌ಮೆಂಟ್, ಮದುವೆ ಮನೆ ಲೆಕ್ಕ ನೋಡುವುದೇ ನನ್ನ ಕೆಲಸ, ಇದೂ ಅದೇ ಜಾತಿಯದ್ದು.

ತೊಂದರೆ ಇಷ್ಟೇ. ಚೀಲದಲ್ಲಿ ಎಷ್ಟು ಕಡಿಮೆ ಇದೆ ಅನ್ನುವುದು ಒಂದು ಪ್ರಶ್ನೆ. ಟ್ರಿಪ್ಪಿನ ಖರ್ಚು ಎಷ್ಟು ಏರಿತು ಅನ್ನುವುದು ಬೇರೆ ಪ್ರಶ್ನೆ. ಕೊಡಬೇಕಾದವರು ಕೊಡದಿದ್ದರೂ ಚೀಲ ಖಾಲಿಯಾಗುತ್ತದೆ, ಯಾರದ್ದೋ ಸ್ವಂತ ಖರ್ಚು ಅದರಿಂದ ಹೋದರೂ ಆಗುತ್ತದೆ, ನಿಜವಾಗಿ ರೇಟು ಜಾಸ್ತಿ ಬಿದ್ದರೂ ಆಗುತ್ತದೆ. ಇದರಲ್ಲಿ ಕೊನೆಯದನ್ನು ಮಾತ್ರ ಎಲ್ಲರೂ ಸಮನಾಗಿ ಹಂಚಿಕೊಳ್ಳಬೇಕು. ಮೂರನ್ನೂ ಕಲಸಿ ತಲೆಯೆಣಿಕೆಯಿಂದ ಭಾಗಿಸಿದರೆ ಸರಿಯಾಗಿ ಕೊಟ್ಟವರ ಮೇಲೆಯೇ ಭಾರ ಬೀಳುತ್ತದೆ.

ಈ ಗುಂಪಿನ ಲೆಕ್ಕವನ್ನೇ ನೋಡೋಣ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ, 12 ಜನ, ಒಂದು ಟೆಂಪೋ ಟ್ರಾವೆಲರ್, ಅಂದರೆ ಟಿಟಿ. ಶುಕ್ರವಾರ ರಾತ್ರಿ 10ಕ್ಕೆ ಹೊರಟು ಭಾನುವಾರ ರಾತ್ರಿ ವಾಪಸ್. ಶನಿವಾರ ರಾತ್ರಿ ಒಂದು ಹೋಮ್‌ಸ್ಟೇ, ಝರಿ ಜಲಪಾತಕ್ಕೆ ಎರಡು ಜೀಪು. ಮೊದಲು ಹಾಕಿಕೊಂಡ ಅಂದಾಜು 47,580 ರೂಪಾಯಿ. ಅದರಲ್ಲಿ ಗಾಡಿಗೆ 16,980, ಹೋಮ್‌ಸ್ಟೇಗೆ ತಲಾ 1,700ರಂತೆ 20,400, ದಾರಿಯ ಊಟ ತಿಂಡಿಗೆ 7,200, ಜೀಪಿಗೆ 3,000. ತಲಾ 4,000 ಅಂತ ಕೇಳಿದರು. ಎಲ್ಲರೂ ಕೊಟ್ಟಿದ್ದರೆ 48,000 ಬರಬೇಕಿತ್ತು.

ಬಂದದ್ದು 43,000. ಹತ್ತು ಜನ ಪೂರ್ತಿ ಕೊಟ್ಟರು, ಒಬ್ಬರು 2,000 ಮಾತ್ರ ಕೊಟ್ಟು "ಉಳಿದದ್ದು ಸಂಬಳ ಆದ ಮೇಲೆ" ಅಂದರು, ಇನ್ನೊಬ್ಬರು 1,000 ಅಡ್ವಾನ್ಸ್ ಕೊಟ್ಟು ಗುರುವಾರ ಬರಲ್ಲ ಅಂದರು. ಖರ್ಚಾದದ್ದು 56,310. ವ್ಯತ್ಯಾಸ 13,310, ಅದನ್ನು ಖಜಾಂಚಿ ತಮ್ಮ ಕೈಯಿಂದ ಹಾಕಿದ್ದಾರೆ.

ಖರ್ಚಿನಲ್ಲಿ ದೊಡ್ಡ ಏಟು ಕೊಟ್ಟದ್ದು ಗಾಡಿ. ಇದು ಬಹಳ ಗುಂಪುಗಳಿಗೆ ಗೊತ್ತಿಲ್ಲದ ಜಾಗ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊರ ಊರಿಗೆ ಹೋಗುವ ಟಿಟಿಗೆ ಸಾಮಾನ್ಯವಾಗಿ ಕಿಲೋಮೀಟರ್ ಲೆಕ್ಕ, ಜೊತೆಗೆ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಒಂದು ಷರತ್ತು. ಇವರದ್ದು ಕಿಲೋಮೀಟರಿಗೆ 22 ರೂಪಾಯಿ, ದಿನಕ್ಕೆ ಕನಿಷ್ಠ 300. ದಿನ ಅಂದರೆ ಹೊರಟ ಹೊತ್ತಿನಿಂದ 24 ಗಂಟೆ ಅಲ್ಲ, ರಾತ್ರಿ 12ರಿಂದ ರಾತ್ರಿ 12. ಶುಕ್ರವಾರ ರಾತ್ರಿ 10ಕ್ಕೆ ಹತ್ತಿದರೆ ಆ ಎರಡು ಗಂಟೆಯೂ ಒಂದು ದಿನ. ಇವರು ಎರಡು ದಿನ, 640 ಕಿಲೋಮೀಟರ್ ಅಂತ ಅಂದುಕೊಂಡಿದ್ದರು. ಬಿಲ್ ಬಂದದ್ದು ಮೂರು ದಿನಕ್ಕೆ, 900 ಕಿಲೋಮೀಟರಿಗೆ. ಡ್ರೈವರ್ ಬಾಟಾ ದಿನಕ್ಕೆ 700, ಅದೂ ಮೂರು ದಿನದ್ದು.

ಟ್ರಿಪ್ ಶೀಟ್ ನೋಡಿದೆ. ಹೊರಡುವಾಗ ಮೀಟರ್ 84,310, ವಾಪಸ್ ಬಂದಾಗ 85,090. ಅಂದರೆ ನಿಜವಾಗಿ ಓಡಿದ್ದು 780. ಅಂದಾಜಿಗಿಂತ ಇದೇ 140 ಜಾಸ್ತಿ. ಮೀಟರ್ ಎಣಿಸುವುದು ನೀವು ಹತ್ತಿದ ಜಾಗದಿಂದಲ್ಲ, ಗಾಡಿ ನಿಲ್ಲುವ ಶೆಡ್ಡಿನಿಂದ ಶೆಡ್ಡಿಗೆ, ಊರೊಳಗೆ ಒಬ್ಬೊಬ್ಬರನ್ನೇ ಹತ್ತಿಸಿಕೊಂಡ ಸುತ್ತೂ ಅದರಲ್ಲೇ ಸೇರುತ್ತದೆ. ಹಾಗಾಗಿ ಗಾಡಿ ಖರ್ಚು ಏರಿದ 6,540ರಲ್ಲಿ 3,080 ನಿಜವಾಗಿ ಓಡಿದ ದೂರಕ್ಕೆ ಹೋಯಿತು. 3,340 ಶುಕ್ರವಾರದ ಎರಡು ಗಂಟೆಗೆ ಹೋಯಿತು, ಬಾಟಾ ಸೇರಿ. ಉಳಿದ 120 ಟೋಲು, ಪಾರ್ಕಿಂಗು. ಗಾಡಿ 12 ಗಂಟೆ ದಾಟಿದ ಮೇಲೆ ಶೆಡ್ಡು ಬಿಟ್ಟಿದ್ದರೆ ಆ 3,340 ಉಳಿಯುತ್ತಿತ್ತು. ಮಾಲೀಕರದ್ದು ಮೋಸ ಅಲ್ಲ, ಬುಕಿಂಗ್ ಮಾಡುವಾಗ ಕೇಳಬೇಕಿದ್ದ ಮಾತು.

ಮಿಕ್ಕದ್ದು ಚಿಕ್ಕದು. ಹೋಮ್‌ಸ್ಟೇಯವರು ಬರದವರಿಗೆ ಅರ್ಧ ಮಾತ್ರ, 850 ಹಿಡಿದರು, ಒಟ್ಟು 19,550. ಊಟ 7,040 ಆಯಿತು, ಜೀಪು ಅಂದುಕೊಂಡಷ್ಟೇ. ಕೊನೆಗೆ 3,200 ರೂಪಾಯಿಯ ಒಂದು ಬಿಲ್ ಇತ್ತು. ಅದು ಎಣ್ಣೆಯ ಬಿಲ್, ಕುಡಿದವರು ಐದು ಜನ, ಅವಸರದಲ್ಲಿ ಸಾಮಾನ್ಯ ಚೀಲದಿಂದ ಕೊಟ್ಟಿದ್ದಾರೆ.

ಈಗ ಬಿಡಿಸೋಣ. ಮೊದಲು ಎಣ್ಣೆಯ 3,200 ತೆಗೆದು ಪಕ್ಕಕ್ಕಿಡಿ, ಐದು ಜನಕ್ಕೆ ತಲಾ 640. ಇದರಲ್ಲಿ ಸರಿ ತಪ್ಪಿನ ಮಾತು ಬೇಡ, ಉಪದೇಶ ಅಂತೂ ಬೇಡವೇ ಬೇಡ. ಆಮೇಲೆ ಅರ್ಧ ಕೊಟ್ಟವರ 2,000. ಅದು ಅವರ ಬಾಕಿ, ಟ್ರಿಪ್ ಖರ್ಚಲ್ಲ, ಹಂಚುವ ಪ್ರಶ್ನೆಯೇ ಇಲ್ಲ.

ಬರದೇ ಇದ್ದವರದ್ದೇ ಕಗ್ಗಂಟು. "ಬಂದೇ ಇಲ್ಲ, ಅಡ್ವಾನ್ಸ್ ವಾಪಸ್ ಕೊಡಿ" ಅನ್ನುವವರಿದ್ದಾರೆ, "ಪೂರ್ತಿ 4,000 ಕೊಡಲಿ" ಅನ್ನುವವರೂ ಇದ್ದಾರೆ. ನಾನು ಕೇಳುವುದು ಒಂದೇ: ಅವರು ಬರದಿದ್ದರಿಂದ ಯಾವ ಖರ್ಚು ಇಳಿಯಲಿಲ್ಲ? ಗಾಡಿ ಇಳಿಯಲಿಲ್ಲ. 11 ಜನಕ್ಕೂ ಅದೇ ಟಿಟಿ, ಅದೇ ಬಾಡಿಗೆ. ಹೋಮ್‌ಸ್ಟೇಯಲ್ಲಿ 850 ಇಳಿಯಲಿಲ್ಲ. ಊಟ ಇಳಿಯಿತು. ಜೀಪನ್ನು ಅಲ್ಲೇ ಹೋಗಿ ಹಿಡಿದದ್ದು, ಅದನ್ನು ಅವರ ಮೇಲೆ ಹಾಕುವುದು ನ್ಯಾಯ ಅಲ್ಲ. ಗಾಡಿಯಲ್ಲೂ ಅವರ ಪಾಲು ಅಂದಾಜಿನ ಲೆಕ್ಕದ್ದು ಮಾತ್ರ, 16,980ರಲ್ಲಿ ಹನ್ನೆರಡನೇ ಒಂದು, 1,415. ಏರಿದ ಬಿಲ್ಲಿನ ಪಾಲನ್ನು ಅವರಿಂದ ಕೇಳಬಾರದು, ಅವರು ಒಪ್ಪಿದ್ದು ಹಳೆಯ ಅಂದಾಜಿಗೆ. ಇದು ನನ್ನ ಅಭಿಪ್ರಾಯ, ಬೇರೆಯವರು ಬೇರೆ ಹೇಳಬಹುದು. ಒಟ್ಟು 2,265, ಅದರಲ್ಲಿ 1,000 ಬಂದಿದೆ, ಬರಬೇಕಾದದ್ದು 1,265.

ಎಣ್ಣೆ ಬಿಟ್ಟು ಸಾಮಾನ್ಯ ಖರ್ಚು 53,110. ಅದರಲ್ಲಿ 2,265 ಕಳೆದರೆ 50,845. ಹನ್ನೊಂದು ಜನಕ್ಕೆ ಹಂಚಿದರೆ ತಲಾ 4,622. ಈಗಾಗಲೇ 4,000 ಕೊಟ್ಟವರು ಕೊಡಬೇಕಾದದ್ದು 622. ಮೊದಲ ಮೆಸೇಜಿನ 1,210ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಪೈಸೆ ಲೆಕ್ಕದಲ್ಲಿ 3 ರೂಪಾಯಿ ಕಡಿಮೆ ಬೀಳುತ್ತದೆ, ಅದನ್ನು ಖಜಾಂಚಿ ಹೊತ್ತುಕೊಳ್ಳಲಿ.

ಖಜಾಂಚಿಯೂ ಆ 11ರಲ್ಲಿ ಒಬ್ಬರು ಅನ್ನುವುದನ್ನು ಮರೆಯಬಾರದು. ತಮ್ಮ ಪಾಲಿನ 622 ಅವರೂ ಹೊರಬೇಕು. ಕೈಯಿಂದ ಹಾಕಿದ್ದು ಪೂರ್ತಿ ವಾಪಸ್ ಬರಲಿ ಅಂತ ಉಳಿದ ಹತ್ತು ಜನರ ಮೇಲೆ ಹಂಚಿಬಿಡುವುದನ್ನು ನೋಡಿದ್ದೇನೆ. ಬೇಕಂತ ಮಾಡುವುದಲ್ಲ, ಕೊಡಬೇಕಾದವರ ಪಟ್ಟಿ ಬರೆಯುವಾಗ ತಮ್ಮ ಹೆಸರು ಬರೆಯುವುದಿಲ್ಲ, ಅಷ್ಟೇ.

ಇಷ್ಟಾದ ಮೇಲೆ ನಾವಿಬ್ಬರೂ ಕೂತು ಬರೆದ ಮೆಸೇಜ್ ಇದು:

"ಎಲ್ಲರಿಗೂ ನಮಸ್ಕಾರ. ಟ್ರಿಪ್ ಲೆಕ್ಕ ಮುಗಿಯಿತು. ಬಂದದ್ದು 43,000, ಖರ್ಚು 56,310, ಕಡಿಮೆ ಬಿದ್ದದ್ದು 13,310. ಸದ್ಯಕ್ಕೆ ನಾನು ಹಾಕಿದ್ದೇನೆ. ಹಿಂದೆ 1,210 ಅಂತ ಹಾಕಿದ್ದ ಮೆಸೇಜ್ ಬಿಟ್ಟುಬಿಡಿ.

ಮುಖ್ಯ ಕಾರಣ ಗಾಡಿ. ಶುಕ್ರವಾರ ರಾತ್ರಿ 10ಕ್ಕೆ ಹೊರಟಿದ್ದಕ್ಕೆ ಅದೂ ಒಂದು ದಿನ ಅಂತ ಹಿಡಿದರು, ಕಿಲೋಮೀಟರೂ ಅಂದಾಜಿಗಿಂತ 140 ಜಾಸ್ತಿ ಆಯಿತು. ಗಾಡಿ ಒಂದರಲ್ಲೇ 6,540 ಏರಿತು. ಟ್ರಿಪ್ ಶೀಟ್, ಎಲ್ಲಾ ಬಿಲ್ ಫೋಟೋ ಕೆಳಗಿವೆ.

ಹೋಗಿದ್ದ 11 ಜನಕ್ಕೂ, ನಾನೂ ಸೇರಿ, ತಲಾ 622. ಶನಿವಾರ ರಾತ್ರಿಯ ಬಾಟಲ್ ಬಿಲ್ 3,200 ಬೇರೆ, ಐದು ಜನಕ್ಕೆ ತಲಾ 640. ಹಳೆಯ ಕಂತಿನ ಬಾಕಿ 2,000, ಬರಲಾಗದವರ ಗಾಡಿ ಮತ್ತು ಹೋಮ್‌ಸ್ಟೇ ಪಾಲು 1,265 ಬರಬೇಕು, ಅವರ ಹತ್ತಿರ ನಾನೇ ಮಾತಾಡುತ್ತೇನೆ. ನಾಲ್ಕೂ ಕೂಡಿದರೆ 13,307, ಉಳಿದ 3 ರೂಪಾಯಿ ನನ್ನದು, 13,310ಕ್ಕೆ ಸರಿಹೋಗುತ್ತದೆ.

ಮೊದಲೇ 1,210 ಹಾಕಿದ ಮೂವರಿಗೆ ಜಾಸ್ತಿ ಬಂದದ್ದು ಇವತ್ತೇ ವಾಪಸ್ ಹಾಕುತ್ತೇನೆ. ಲೆಕ್ಕದಲ್ಲಿ ಏನಾದರೂ ತಪ್ಪು ಕಂಡರೆ ಬುಧವಾರದೊಳಗೆ ಹೇಳಿ. ಇಲ್ಲದಿದ್ದರೆ ಭಾನುವಾರದೊಳಗೆ ಇದೇ ನಂಬರಿಗೆ ಯುಪಿಐ ಮಾಡಿ."

ಇದರಲ್ಲಿ ಹೆಸರುಗಳಿಲ್ಲ, ಗಮನಿಸಿದಿರಾ? ಬಾಕಿ ಇಟ್ಟವರ ಹೆಸರನ್ನು ಗ್ರೂಪಿನಲ್ಲಿ ಹಾಕಿದರೆ ದುಡ್ಡು ಬೇಗ ಬರಬಹುದು, ಆದರೆ ಅವರು ಮುಂದಿನ ಟ್ರಿಪ್ಪಿಗೆ ಬರುವುದಿಲ್ಲ. ಫೋನ್ ಮಾಡಿ ಕೇಳಿದರೆ ಸಾಕು. ಅವರು ಎಣ್ಣೆಯಲ್ಲಿ ಪಾಲುದಾರರಲ್ಲ, ಹಾಗಾಗಿ ಕೊಡಬೇಕಾದದ್ದು 2,622, ಅದನ್ನು ಒಂದೇ ಮೊತ್ತವಾಗಿ ಹೇಳಿ. 2,000 ಒಂದು ಸಲ, 622 ಇನ್ನೊಂದು ಸಲ ಅಂದರೆ ಎರಡನೆಯದು ಉಳಿದೇಹೋಗುತ್ತದೆ.

ಬುಧವಾರ ಅಂತ ಗಡುವು ಇಟ್ಟದ್ದಕ್ಕೂ ಕಾರಣ ಇದೆ. ದುಡ್ಡು ಹಾಕುವುದಕ್ಕೆ ಮೊದಲು ಆಕ್ಷೇಪಣೆಗೆ ಜಾಗ ಬಿಡಬೇಕು. ಎಲ್ಲರೂ ಹಾಕಿದ ಮೇಲೆ ಒಬ್ಬರು "ಊಟದ ಬಿಲ್ಲಿನಲ್ಲಿ ನನ್ನ ಸ್ವಂತ ದುಡ್ಡು 400 ಇತ್ತು" ಅಂತ ಎದ್ದರೆ 11 ಜನರ ಲೆಕ್ಕವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ. ಟೋಲಿಗೆ, ಚಹಾಕ್ಕೆ ಅಲ್ಲಲ್ಲಿ ಕೈಯಿಂದ ಕೊಟ್ಟವರು ಪ್ರತಿ ಗುಂಪಿನಲ್ಲೂ ಇರುತ್ತಾರೆ, ಅದು ಮೊದಲೇ ಬರಲಿ.

ಬರದೇ ಇದ್ದವರು 1,265 ಕೊಡುವುದಿಲ್ಲ ಅಂದರೆ? ಅದಕ್ಕೂ ಮೊದಲೇ ಒಂದು ತೀರ್ಮಾನ ಇಟ್ಟುಕೊಳ್ಳಿ. ಈ ಗುಂಪಿನಲ್ಲಿ ಹಾಗೇ ಆಯಿತು. 11 ಜನಕ್ಕೆ ಹಂಚಿದರೆ ತಲಾ 115. ಎರಡು ವಾರ ಕಾದು, ಇನ್ನೊಂದು ಚಿಕ್ಕ ಮೆಸೇಜ್ ಹಾಕಿ, ಅದನ್ನೂ ಹಂಚಿಕೊಂಡರು. ಖಜಾಂಚಿ ಒಬ್ಬರೇ ಹೊರುವುದಕ್ಕೆ ನಾನು ಒಪ್ಪಲಿಲ್ಲ.