ಮಡಿಕೇರಿ ಅಂದರೆ ಮನುಷ್ಯ, ಅಲ್ವಾ?

ಕೊಡಗಿನ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಪ್ರಬಂಧ ಸ್ಪರ್ಧೆ ಇಟ್ಟಿದ್ದೀರಿ ಎಂದುಕೊಳ್ಳಿ. ಬಂದ ಪ್ರಬಂಧ ಮಗು ಬರೆದದ್ದೋ, ಮೆಷಿನ್ ಬರೆದದ್ದೋ ಎಂದು ಹೇಳುವ ಸಾಫ್ಟ್‌ವೇರ್ ಬೇಕು. ಅದನ್ನು ತಯಾರಿಸುವುದು ಒಂದು ಮಧ್ಯಾಹ್ನದ ಕೆಲಸ. ಅದು ನಿಜವಾಗಿ ಏನು ಕಲಿತಿದೆ ಎಂದು ತಿಳಿಯುವುದೇ ಕಷ್ಟ.

ಕನ್ನಡವನ್ನೂ ಓದಿ ಬೆಳೆದ `xlm-roberta-base` ಎಂಬ ಟ್ರಾನ್ಸ್‌ಫಾರ್ಮರ್ ಭಾಷಾ ಮಾಡೆಲ್ ಪುಕ್ಕಟೆ ಸಿಗುತ್ತದೆ.

```
from transformers import AutoModelForSequenceClassification
model = AutoModelForSequenceClassification.from_pretrained("xlm-roberta-base", num_labels=2)
```

ಈ ಮಾಡೆಲ್ ಪ್ರಬಂಧವನ್ನು 768 ಸಂಖ್ಯೆಗಳ ಒಂದು ಸಾಲಾಗಿ ಇಳಿಸುತ್ತದೆ. ಅದರ ತುದಿಗೆ ನಾವು ಒಂದು ಪುಟ್ಟ ಪದರ ಜೋಡಿಸುತ್ತೇವೆ. ಉತ್ತರ ಎರಡೇ: ಮನುಷ್ಯ, ಮೆಷಿನ್. ಉದಾಹರಣೆಗಳನ್ನು ಎರಡು ಮೂರು ಸುತ್ತು ತೋರಿಸಿ, ತಪ್ಪಿದಾಗೆಲ್ಲ ಒಳಗಿನ ಅಂಕಿಗಳನ್ನು ಚೂರೇ ಚೂರು ತಿದ್ದಬೇಕು. ಕಲಿಕೆಯ ವೇಗ 0.00002ರ ಆಸುಪಾಸು ಇರಲಿ. ಜಾಸ್ತಿ ಇಟ್ಟರೆ ಮೊದಲು ಕಲಿತ ಭಾಷೆಯೇ ಕೆಟ್ಟುಹೋಗಬಹುದು. ಒಂದು ಸಲಕ್ಕೆ ಅದು 512 ಟೋಕನ್, ಅಂದರೆ ಪದದ ತುಣುಕು, ಮಾತ್ರ ಓದುತ್ತದೆ, ಉದ್ದದ ಪ್ರಬಂಧದ ಬಾಲ ಅದರ ಕಣ್ಣಿಗೇ ಬೀಳುವುದಿಲ್ಲ.

ಈಗ ಉದಾಹರಣೆ ಬೇಕಲ್ಲ. ಮನುಷ್ಯರ ಬರಹಕ್ಕೆ ಸ್ಥಳೀಯ ಪತ್ರಿಕೆಯ ಸುದ್ದಿ ತಂದಿರಿ. ಮೆಷಿನ್ನಿಗೆ "ಪರಿಸರದ ಬಗ್ಗೆ ಬರೆ", "ಕಾಫಿ ಬಗ್ಗೆ ಬರೆ" ಎಂದಿರಿ. ಪರೀಕ್ಷೆ ಮಾಡಿದರೆ ನೂರಕ್ಕೆ 99 ಸರಿ! ಇಲ್ಲೇ ಅನುಮಾನ ಬರಬೇಕು. ಪತ್ರಿಕೆಯ ಸುದ್ದಿ ಹೇಗೆ ಶುರುವಾಗುತ್ತದೆ? "ಮಡಿಕೇರಿ:", "ವಿರಾಜಪೇಟೆ:" ಎಂದು. ಮೆಷಿನ್ ಪ್ರಬಂಧ ಹಾಗೆ ಶುರುವಾಗುವುದೇ ಇಲ್ಲ. ತಪ್ಪು ಕಡಿಮೆ ಮಾಡು ಎನ್ನುವುದಷ್ಟೇ ಮಾಡೆಲ್‌ಗೆ ಕೊಟ್ಟ ಆಜ್ಞೆ. ಒಂದು ಊರ ಹೆಸರು, ಒಂದು ಕೋಲನ್ ನೋಡಿದರೆ ಉತ್ತರ ಸಿಗುತ್ತದೆ ಎಂದಮೇಲೆ ವಾಕ್ಯದ ನಡಿಗೆಯನ್ನು ಅದು ಯಾಕೆ ಕಲಿಯಬೇಕು? ತಪ್ಪು ನಿಂತಿತು, ತಿದ್ದುವುದೂ ನಿಂತಿತು. ಪಕ್ಕದ ಮನೆಯವನ ಚಪ್ಪಲಿ ನೋಡಿ ಅವನು ಒಳಗಿದ್ದಾನೆ ಅಂದ ಹಾಗೆ ಇದು.

ಇದನ್ನು ಹಿಡಿಯಲು ಒಂದು ಒಳ್ಳೆಯ ಉಪಾಯವಿದೆ. ಪ್ರತಿ ಬರಹದ ಮೊದಲ ಮೂರು ಪದ ಮಾತ್ರ ಕೊಟ್ಟು ಇನ್ನೊಂದು ಸಾದಾ ಮಾಡೆಲ್ ಕಲಿಸಿ. ಬರೀ ಉದ್ದ ಮತ್ತು ವಿರಾಮಚಿಹ್ನೆಗಳ ಲೆಕ್ಕ ಕೊಟ್ಟು ಮತ್ತೊಂದು ಕಲಿಸಿ. ಅವಕ್ಕೂ ನೂರಕ್ಕೆ 90 ಬಂದರೆ ದೊಡ್ಡ ಮಾಡೆಲ್‌ನ 99ಕ್ಕೆ ಬೆಲೆ ಇಲ್ಲ.

ಈ ಎಚ್ಚರ ಹಳೆಯದು. ಅಮೆರಿಕದ ಸಂವಿಧಾನದ ಪರವಾಗಿ ಬಂದ 'ಫೆಡರಲಿಸ್ಟ್' ಲೇಖನಗಳಲ್ಲಿ 12ನ್ನು ಬರೆದದ್ದು ಹ್ಯಾಮಿಲ್ಟನ್ನೋ ಮ್ಯಾಡಿಸನ್ನೋ ಎಂಬ ಜಗಳವಿತ್ತು. 1964ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಮೋಸ್ಟೆಲರ್ ಮತ್ತು ವ್ಯಾಲೆಸ್ ಅದನ್ನು ಲೆಕ್ಕ ಹಾಕಿ ಮ್ಯಾಡಿಸನ್ ಕಡೆಗೆ ಬಗೆಹರಿಸಿದರು. ಯುದ್ಧ, ಕಾನೂನು ಮುಂತಾದ ವಿಷಯದ ಪದಗಳನ್ನು ಅವರು ಬೇಕೆಂದೇ ಬದಿಗಿಟ್ಟು, ಯಾರೂ ಗಮನಿಸದ ಚಿಲ್ಲರೆ ಪದಗಳನ್ನು ಎಣಿಸಿದರು. ಟ್ರಾನ್ಸ್‌ಫಾರ್ಮರ್‌ಗೆ ಆ ವಿವೇಕ ಇಲ್ಲ, ನಾವೇ ಡೇಟಾದಲ್ಲಿ ಇಡಬೇಕು. ಮಗುವಿನ ಪ್ರಬಂಧ 'ನಮ್ಮೂರ ಹುತ್ತರಿ' ಆಗಿದ್ದರೆ ಮೆಷಿನ್ ಕೈಲೂ ಅದೇ ಶೀರ್ಷಿಕೆಗೆ, ಅಷ್ಟೇ ಉದ್ದಕ್ಕೆ ಬರೆಸಬೇಕು. ಆ ಜೋಡಿ ಒಡೆಯಬಾರದು. ಎರಡೂ ಕಲಿಕೆಗೆ ಹೋಗಲಿ, ಇಲ್ಲವೇ ಎರಡೂ ಪರೀಕ್ಷೆಗೆ. ಪರೀಕ್ಷೆಗೆ ಬೇರೆ ಕಂಪನಿಯ ಮೆಷಿನ್ ಬರೆದದ್ದನ್ನೂ ಸೇರಿಸಿ. ಅಂಕ ಬಿದ್ದೇ ಬೀಳುತ್ತದೆ, ಅದೇ ನಿಜಕ್ಕೆ ಹತ್ತಿರದ ಅಂಕ.

ಇಷ್ಟಾದರೂ ನನಗೆ ಚಿಂತೆ ಇರುವುದು ಮಕ್ಕಳದ್ದು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಆಡುವ ಮಕ್ಕಳು ಇಲ್ಲಿ ಬಹಳ. ಅವರ ಬರವಣಿಗೆಯ ಕನ್ನಡ ಪಠ್ಯಪುಸ್ತಕದ್ದು: ನೇರ, ಅಚ್ಚುಕಟ್ಟು, ಊಹಿಸಬಹುದಾದದ್ದು. ಮೆಷಿನ್ ಬರಹವೂ ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ ಇದು ಆಗಿಹೋಗಿದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮನೆಮಾತಲ್ಲದವರ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟಾಗ, ಸರಾಸರಿ ಅರ್ಧಕ್ಕಿಂತ ಹೆಚ್ಚು 'ಮೆಷಿನ್' ಎಂದೇ ಬಂದವು.

ಲೆಕ್ಕ ಹಾಕಿ ನೋಡಿ. 1000 ಪ್ರಬಂಧ, ಅದರಲ್ಲಿ 40 ಮೆಷಿನ್ನಿನವು. ಸಾಧನ ಅದರಲ್ಲಿ ನೂರಕ್ಕೆ 90 ಹಿಡಿದರೆ 36 ಸಿಕ್ಕಿಬೀಳುತ್ತವೆ. ಉಳಿದ 960 ಮಕ್ಕಳಲ್ಲಿ ನೂರಕ್ಕೆ 5 ತಪ್ಪಿದರೂ 48 ಮಕ್ಕಳ ಮೇಲೆ ಸುಮ್ನೆ ಅಪವಾದ. ಅಂದರೆ ಸಿಕ್ಕಿಬಿದ್ದವರಲ್ಲಿ ನಿರಪರಾಧಿಗಳೇ ಜಾಸ್ತಿ! ಪರದೆ ಮೇಲೆ "98% ಮೆಷಿನ್" ಎಂದು ಬಂದರೂ ಅಷ್ಟೇ. ಅದು ಮಾಡೆಲ್‌ನ ಒಳಗಿನ ಅಂಕಿ, ಈ ಮಗು ಕದ್ದಿರುವ ಸಂಭವ ಅಲ್ಲ. ಕಣಿ ಕೇಳುವವರನ್ನು ನೋಡಿ ನಗುವ ಮೇಷ್ಟ್ರುಗಳೂ ಈ 98ನ್ನು ದೇವರ ಅಪ್ಪಣೆ ಎಂಬಂತೆ ನಂಬುತ್ತಾರೆ.

ನಿಜಕ್ಕೂ ಉಪಯೋಗಿಸಬೇಕೆಂದರೆ ಜಿಲ್ಲೆಯ ಶಾಲೆಗಳ 2020ಕ್ಕಿಂತ ಹಿಂದಿನ ವಾರ್ಷಿಕ ಸಂಚಿಕೆಗಳನ್ನು ಹುಡುಕಿ ಟೈಪ್ ಮಾಡಿಸಿ. ಅವು ಖಂಡಿತ ಮನುಷ್ಯರವೇ. ಕಲಿಕೆಗೆ ಕೊಡದೆ ಬದಿಗಿಟ್ಟು, ಅವುಗಳಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು 'ಮೆಷಿನ್' ಎಂದು ಬರದ ಹಾಗೆ, 'ಮೆಷಿನ್' ಎನ್ನಲು ದಾಟಬೇಕಾದ ಅಂಕದ ಗೆರೆಯನ್ನು ಮೇಲಕ್ಕೆ ಎತ್ತಿ. ಆ ಗೆರೆ ದಾಟುವ ಮೆಷಿನ್ ಬರಹ ಎಷ್ಟು ಎಂದು ಆಮೇಲೆ ಎಣಿಸಿ. ನೂರಕ್ಕೆ 30 ಅಂತ ಬಂದರೆ, ನಿಮ್ಮ ಸಾಧನದ ಕೈಲಾಗುವುದು ಅಷ್ಟೇ.